ಮಾರ್ಚ್ ಲೆಕ್ಕಕ್ಕೆ ಏಪ್ರಿಲ್ ಪಾಸ್‌ಬುಕ್ಕೇ ಸಾಕ್ಷಿ

ಅರಸೀಕೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಒಂದು ಮಂಡಿ ಇದೆ ಎಂದಿಟ್ಟುಕೊಳ್ಳೋಣ. ಮಂಡಿಯೂ ಅದರ ಅಂಕಿಗಳೂ ವಿವರಣೆಗೆಂದು ಕಟ್ಟಿಕೊಂಡವು. ರಜೆಯ ದಿನಗಳು, ಕಾನೂನು, ಬ್ಯಾಂಕಿನ ನಿಯಮ ಇವೆಲ್ಲ ಇದ್ದದ್ದು ಇದ್ದಂತೆ. 2025ರ ಮಾರ್ಚ್ 31ಕ್ಕೆ ಮಂಡಿಯ ನಗದು ಪುಸ್ತಕದ ಬ್ಯಾಂಕ್ ಅಂಕಣದಲ್ಲಿ 4,18,650 ರೂಪಾಯಿ ಶಿಲ್ಕು. ಅದೇ ದಿನಕ್ಕೆ ಪಾಸ್‌ಬುಕ್ಕಿನಲ್ಲಿ 4,27,864 ರೂಪಾಯಿ. ವ್ಯತ್ಯಾಸ 9,214.

ನಾಲ್ಕು ಲಕ್ಷದ ಖಾತೆಯಲ್ಲಿ ಒಂಬತ್ತು ಸಾವಿರ ಏನು ಮಹಾ ಎನ್ನಿಸಬಹುದು. ಗುಮಾಸ್ತರು ಅದಕ್ಕೊಂದು ಬ್ಯಾಂಕ್ ಹೊಂದಾಣಿಕೆ ಪಟ್ಟಿಯನ್ನೂ ಬರೆದಿಟ್ಟಿದ್ದಾರೆ. ಕೂಡಿಸಿ ಕಳೆದರೆ ಒಂದು ಪೈಸೆಯೂ ಆಚೀಚೆ ಇಲ್ಲದಂತೆ ತಾಳೆಯಾಗುತ್ತದೆ. ಆದರೂ ಆ ಪಟ್ಟಿಯೊಳಗೆ 46,200 ರೂಪಾಯಿಯ ಒಂದು ತಪ್ಪು ಕೂತಿದೆ. ಪಟ್ಟಿಯನ್ನು ಎಷ್ಟು ಸಲ ಕೂಡಿದರೂ ಅದು ಕಣ್ಣಿಗೆ ಬೀಳುವುದಿಲ್ಲ. ಹೊಂದಾಣಿಕೆ ಪಟ್ಟಿ ಬರೆಯುವುದು ಒಂದು ಕೆಲಸ, ಬರೆದದ್ದನ್ನು ಪರೀಕ್ಷಿಸುವುದು ಬೇರೆಯೇ ಕೆಲಸ. ಈ ಲೇಖನ ಎರಡನೆಯದರ ಬಗ್ಗೆ.

ಮೊದಲು ವ್ಯತ್ಯಾಸ ಹುಟ್ಟುವುದು ಎಲ್ಲಿ ಎಂದು ನೋಡಬೇಕು. ಚೆಕ್ ಬರೆದು ರೈತರ ಕೈಗೆ ಕೊಟ್ಟ ದಿನವೇ ಮಂಡಿಯವರು ನಗದು ಪುಸ್ತಕದಲ್ಲಿ ಖರ್ಚು ಬರೆಯುತ್ತಾರೆ. ಬ್ಯಾಂಕಿಗೆ ಆ ಚೆಕ್ಕಿನ ಸುದ್ದಿ ತಲುಪುವುದು ಅದು ಕ್ಲಿಯರಿಂಗ್‌ಗೆ ಬಂದಾಗ ಮಾತ್ರ. ಹಾಗೆಯೇ ವ್ಯಾಪಾರಿಯೊಬ್ಬರಿಂದ ಬಂದ ಚೆಕ್ಕನ್ನು ಬ್ಯಾಂಕಿಗೆ ಕಟ್ಟಿದ ದಿನವೇ ಮಂಡಿ ಜಮಾ ಬರೆಯುತ್ತದೆ; ಬ್ಯಾಂಕ್ ಬರೆಯುವುದು ಹಣ ಕೈಸೇರಿದ ಮೇಲೆ. ಮೊದಲ ಬಗೆಯದರಿಂದ ಪಾಸ್‌ಬುಕ್ಕಿನ ಶಿಲ್ಕು ಹೆಚ್ಚು ಕಾಣುತ್ತದೆ, ಎರಡನೆಯದರಿಂದ ಕಡಿಮೆ ಕಾಣುತ್ತದೆ. ಎರಡೂ ಒಟ್ಟಿಗೆ ಇದ್ದಾಗ ಒಂದನ್ನೊಂದು ತಿಂದುಹಾಕುತ್ತವೆ. ಹಾಗಾಗಿ ನಿವ್ವಳ ವ್ಯತ್ಯಾಸ ಚಿಕ್ಕದಿದೆ ಎಂದರೆ ಒಳಗಿನ ಬಾಬುಗಳೂ ಚಿಕ್ಕವು ಎಂದು ಅರ್ಥವಲ್ಲ. ನಮ್ಮ ಮಂಡಿಯ 9,214ರ ಹಿಂದೆ ಒಂದು ಕಡೆ 1,40,650, ಇನ್ನೊಂದು ಕಡೆ 1,31,436 ರೂಪಾಯಿ ನಿಂತಿವೆ.

(ಚಾಲ್ತಿ ಖಾತೆಗೆ ಪಾಸ್‌ಬುಕ್ ಬದಲು ಸ್ಟೇಟ್‌ಮೆಂಟ್ ಕೊಡುವ ಬ್ಯಾಂಕುಗಳೇ ಹೆಚ್ಚು. ಮಂಡಿಯಲ್ಲಿ ಎರಡಕ್ಕೂ ಪಾಸ್‌ಬುಕ್ ಎಂದೇ ಹೇಳುವ ರೂಢಿ, ಇಲ್ಲಿಯೂ ಹಾಗೆಯೇ.)

ಗುಮಾಸ್ತರ ಪಟ್ಟಿ ಹೀಗಿದೆ:

ನಗದು ಪುಸ್ತಕದ ಶಿಲ್ಕು: 4,18,650

ಕೂಡಿಸಿ, ಕೊಟ್ಟರೂ ಪಾಸಾಗದ ಚೆಕ್ಕುಗಳು:
ಜನವರಿ 6, ಚೆಕ್ 187, ಜಾವಗಲ್ ಕಡೆಯ ರೈತರು: 15,000
ಮಾರ್ಚ್ 22, ಚೆಕ್ 214, ಹಳೇಬೀಡಿನ ರೈತರು: 62,400
ಮಾರ್ಚ್ 27, ಚೆಕ್ 219, ಬೇಲೂರಿನ ರೈತರು: 38,750
ಮಾರ್ಚ್ 29, ಚೆಕ್ 223, ಲಾರಿ ಬಾಡಿಗೆ: 24,500

ಕಳೆಯಿರಿ, ಕಟ್ಟಿದರೂ ಜಮಾ ಆಗದ ಚೆಕ್ಕುಗಳು:
ಮಾರ್ಚ್ 18, ಹಾಸನದ ವ್ಯಾಪಾರಿ: 46,200
ಮಾರ್ಚ್ 29, ಬೇಲೂರಿನ ವ್ಯಾಪಾರಿ: 85,000

ಕಳೆಯಿರಿ, ಬ್ಯಾಂಕ್ ಚಾರ್ಜು: 236

ಪಾಸ್‌ಬುಕ್ಕಿನ ಶಿಲ್ಕು: 4,27,864

ಇದನ್ನು ಪರೀಕ್ಷಿಸಲು ಕೂತವರು ಮಾಡಬೇಕಾದ ಮೊದಲ ಕೆಲಸ ಕೂಡಿಸುವುದಲ್ಲ, ಏಪ್ರಿಲ್ ತಿಂಗಳ ಪಾಸ್‌ಬುಕ್ ತರಿಸುವುದು. ಅದೂ ಕೌಂಟರಿನಲ್ಲಿ ಆವತ್ತಿನವರೆಗೆ ಹೊಸದಾಗಿ ಎಂಟ್ರಿ ಹಾಕಿಸಿದ್ದು. ದಿನಾಂಕದ ಹಿಂದುಮುಂದಿನಿಂದ ಹುಟ್ಟಿದ ವ್ಯತ್ಯಾಸಕ್ಕೆ ಒಂದು ಗುಣವಿದೆ: ಅದು ತಾನಾಗಿಯೇ ಕರಗಬೇಕು. ಮಾರ್ಚ್ 31ಕ್ಕೆ ಪಾಸಾಗದೆ ಉಳಿದಿದ್ದ ಚೆಕ್ ಏಪ್ರಿಲ್‌ನಲ್ಲಿ ಅದೇ ನಂಬರಿನಲ್ಲಿ, ಅದೇ ಮೊತ್ತಕ್ಕೆ ಪಾಸಾಗಬೇಕು. ಕರಗದೆ ಉಳಿದದ್ದಕ್ಕೆ ಪಟ್ಟಿಯಲ್ಲಿ ಏನು ಹೆಸರಿಟ್ಟಿದ್ದರೂ ಅದು ದಿನಾಂಕದ ವ್ಯತ್ಯಾಸವಲ್ಲ, ಅದರ ಕಥೆ ಬೇರೆ ಇದೆ.

ಪಾಸಾಗದ ಚೆಕ್ಕುಗಳಿಂದ ಆರಂಭಿಸೋಣ. ಲಾರಿಯವರ ಚೆಕ್ 223 ಏಪ್ರಿಲ್ 3ಕ್ಕೇ ಪಾಸಾಗಿದೆ. ಡೀಸೆಲ್ ಹಾಕಿಸಬೇಕಾದವರು ಚೆಕ್ಕನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದಿಲ್ಲ. ಹಳೇಬೀಡಿನ ರೈತರ 62,400 ಏಪ್ರಿಲ್ 4ಕ್ಕೆ ಬಂದಿದೆ. ಬೇಲೂರಿನವರ 38,750 ಬಂದದ್ದು ಏಪ್ರಿಲ್ 15ಕ್ಕೆ, ಅಂದರೆ ಚೆಕ್ ಕೊಟ್ಟ ಹತ್ತೊಂಬತ್ತನೇ ದಿನ. ಇಷ್ಟು ತಡವಾದದ್ದನ್ನು ನೋಡಿ ಹೊಸ ಆಡಿಟರ್ ಹುಬ್ಬೇರಿಸಬಹುದು; ಈ ಭಾಗದ ವ್ಯವಹಾರ ಬಲ್ಲವರು ಏರಿಸುವುದಿಲ್ಲ. ಕೊಬ್ಬರಿ ತಂದ ರೈತರ ಖಾತೆ ಇರುವುದು ಅರಸೀಕೆರೆಯಲ್ಲಲ್ಲ, ತಮ್ಮೂರಿನ ಬ್ಯಾಂಕಿನಲ್ಲಿ. ಪೇಟೆಯಲ್ಲಿ ಇನ್ನೇನಾದರೂ ಕೆಲಸ ಬಿದ್ದಾಗಲೇ ಬ್ಯಾಂಕಿನ ಮೆಟ್ಟಿಲು ಹತ್ತುವುದು. ಬೆಳೆಸಾಲ ಬಾಕಿ ಇದ್ದವರಿಗೆ ಹಣ ಜಮಾ ಆದ ಕೂಡಲೇ ಸಾಲಕ್ಕೆ ಹಿಡಿದುಕೊಂಡಾರೆಂಬ ಅಳುಕೂ ಇರುತ್ತದೆ. ಜೊತೆಗೆ ಆ ಏಪ್ರಿಲ್‌ನ ಕ್ಯಾಲೆಂಡರ್ ನೋಡಿ: 10ರಂದು ಮಹಾವೀರ ಜಯಂತಿ, 12 ಎರಡನೇ ಶನಿವಾರ, 13 ಭಾನುವಾರ, 14 ಅಂಬೇಡ್ಕರ್ ಜಯಂತಿ. 11ನೇ ತಾರೀಖು ಶುಕ್ರವಾರ ಚೆಕ್ ಕಟ್ಟಿದ್ದರೂ ಅದು ಅರಸೀಕೆರೆಯ ಖಾತೆಗೆ ತಾಗುವುದು 15ಕ್ಕೇ.

ಚೆಕ್ಕುಗಳನ್ನು ತಾಳೆ ನೋಡುವಾಗ ಮೊತ್ತವೊಂದನ್ನೇ ನೋಡಿ ಟಿಕ್ ಹಾಕಬಾರದು. ಆರಂಕಿಯ ಚೆಕ್ ನಂಬರನ್ನೂ ನೋಡಬೇಕು. ಮಂಡಿಯಲ್ಲಿ ದುಂಡು ಮೊತ್ತದ ಚೆಕ್ಕುಗಳು ಹಲವಿರುತ್ತವೆ. ಏಪ್ರಿಲ್‌ನಲ್ಲಿ ಪಾಸಾದ ಒಂದು 15,000 ರೂಪಾಯಿಯ ಚೆಕ್ ಕಂಡು ಇದೇ 187 ಎಂದುಕೊಂಡುಬಿಟ್ಟರೆ, ಅದು ಏಪ್ರಿಲ್‌ನಲ್ಲೇ ಬರೆದ ಬೇರೆ ಚೆಕ್ ಆಗಿರುವ ಸಾಧ್ಯತೆ ಇದ್ದೇ ಇರುತ್ತದೆ. ಆಗ ಹಳೆಯ ಚೆಕ್ಕಿನ ಪ್ರಶ್ನೆ ಮುಚ್ಚಿಹೋಗುತ್ತದೆ, ಹೊಸ ಚೆಕ್ ಪಾಸಾಗದಂತೆ ಕಾಣುತ್ತದೆ, ಮುಂದಿನ ಮೂರು ತಿಂಗಳು ಗುಮಾಸ್ತರಿಗೆ ತಲೆನೋವು.

ಚೆಕ್ 187 ಏಪ್ರಿಲ್‌ನಲ್ಲಿ ಬರಲೇ ಇಲ್ಲ. ಮೇ ತಿಂಗಳಲ್ಲೂ ಇಲ್ಲ. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯಸ್ಸು ಅದರ ಮೇಲಿರುವ ದಿನಾಂಕದಿಂದ ಮೂರೇ ತಿಂಗಳು. ಅದಕ್ಕೂ ಮೊದಲು ಆರು ತಿಂಗಳಿತ್ತು. ಹಳೆಯ ಲೆಕ್ಕಿಗರಲ್ಲಿ ಕೆಲವರು ಈಗಲೂ ಆರು ತಿಂಗಳೆಂದೇ ಕಾಯುವುದುಂಟು. ಜನವರಿ 6ರ ಚೆಕ್ ಮಾರ್ಚ್ 31ಕ್ಕೆ ಇನ್ನೂ ಜೀವಂತವಾಗಿತ್ತು, ಆದ್ದರಿಂದ ಆ ದಿನದ ಪಟ್ಟಿಯಲ್ಲಿ ಅದು ಇದ್ದದ್ದು ಸರಿಯೇ. ಏಪ್ರಿಲ್ ಮೊದಲ ವಾರ ಕಳೆಯುತ್ತಲೇ ಅದರ ಅವಧಿ ಮುಗಿಯಿತು. ಇನ್ನು ಬ್ಯಾಂಕ್ ಅದಕ್ಕೆ ಹಣ ಕೊಡುವುದಿಲ್ಲ. ಇನ್ನೂ ಪಾಸಾಗಿಲ್ಲ ಎಂದು ಏಪ್ರಿಲ್ 30ರ ಪಟ್ಟಿಗೂ ಅದನ್ನು ಎಳೆದು ತಂದರೆ ತಪ್ಪು.

ಇಲ್ಲಿ ಮಾಡಬೇಕಾದದ್ದು ಇಷ್ಟು. ಏಪ್ರಿಲ್‌ನಲ್ಲಿ ನಗದು ಪುಸ್ತಕದ ಬ್ಯಾಂಕ್ ಅಂಕಣಕ್ಕೆ 15,000 ವಾಪಸ್ ಜಮಾ ಬರೆದು, ಅದೇ ಮೊತ್ತವನ್ನು ಆ ರೈತರ ಖಾತೆಗೆ ಕೊಡಬೇಕಾದ ಬಾಕಿಯಾಗಿ ತೋರಿಸಬೇಕು. ಅದನ್ನು ಮಂಡಿಯ ಲಾಭವೆಂದೋ ಇತರೆ ಆದಾಯವೆಂದೋ ಬರೆಯಕೂಡದು. ಚೆಕ್ ಸತ್ತಿದೆ, ಕೊಬ್ಬರಿಯ ಬಾಕಿ ಸತ್ತಿಲ್ಲ. ಆಮೇಲೆ ರೈತರಿಗೆ ಫೋನ್ ಮಾಡಿ ವಿಚಾರಿಸಬೇಕು. ಚೆಕ್ ಕಳೆದುಹೋಗಿರಬಹುದು, ಮಕ್ಕಳ ಪುಸ್ತಕದ ನಡುವೆ ಸೇರಿಹೋಗಿರಬಹುದು. ಅಥವಾ ಅವರಿಗೆ ಆಗಲೇ ನಗದು ಕೊಟ್ಟಾಗಿದ್ದು, ಚೆಕ್ ವಾಪಸ್ ಪಡೆಯಲು ಮರೆತಿರಲೂಬಹುದು. ಈ ಕೊನೆಯದು ನಿಜವಾಗಿದ್ದರೆ ಮಂಡಿಯ ನಗದು ಖರ್ಚಿನಲ್ಲಿ ಅದೇ ಹೆಸರಿಗೆ 15,000 ಇರಬೇಕು, ಹುಡುಕಬೇಕು. ಸಿಕ್ಕರೆ ಒಂದೇ ಬಾಬಿಗೆ ಎರಡು ಸಲ ಖರ್ಚು ಬಿದ್ದಿದೆ ಎಂದಾಯಿತು. ಹೊಸ ಚೆಕ್ ಕೊಡುವುದಾದರೆ ಹಳೆಯದನ್ನು ವಾಪಸ್ ಪಡೆದೇ ಕೊಡಬೇಕು. ಹಳೆಯದರ ಅವಧಿ ಇನ್ನೂ ಮುಗಿದಿಲ್ಲವಾದರೆ ಮೊದಲು ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಪತ್ರ, ಆಮೇಲೆ ಹೊಸ ಚೆಕ್.

ಇನ್ನು ಕಟ್ಟಿದರೂ ಜಮಾ ಆಗದ ಚೆಕ್ಕುಗಳು. ಪಟ್ಟಿಯ ಈ ಭಾಗವನ್ನು ಹೆಚ್ಚು ಅನುಮಾನದಿಂದಲೇ ನೋಡಬೇಕು. ಕೊಟ್ಟ ಚೆಕ್ ಎಷ್ಟು ದಿನ ಹೊರಗಿರುತ್ತದೆ ಎಂಬುದು ಅದನ್ನು ಪಡೆದವರ ಮರ್ಜಿ. ಕಟ್ಟಿದ ಚೆಕ್ಕಿನ ವಿಷಯ ಹಾಗಲ್ಲ. ಅದು ಬ್ಯಾಂಕಿನ ಕೌಂಟರ್ ದಾಟಿದ ಮೇಲೆ ಯಾರ ಮರ್ಜಿಯೂ ಇಲ್ಲ, ಕ್ಲಿಯರಿಂಗ್ ತನ್ನ ವೇಳೆಗೆ ನಡೆಯುತ್ತದೆ.

ಬೇಲೂರಿನ ವ್ಯಾಪಾರಿಯ 85,000 ಕಟ್ಟಿದ್ದು ಮಾರ್ಚ್ 29, ಶನಿವಾರ. ಅದು ಐದನೇ ಶನಿವಾರವಾದ್ದರಿಂದ ಬ್ಯಾಂಕ್ ತೆರೆದಿತ್ತು. ಮರುದಿನ ಭಾನುವಾರ, ಯುಗಾದಿಯೂ ಅಂದೇ. 31 ಸೋಮವಾರ ರಂಜಾನ್. ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕ ಮುಕ್ತಾಯದ ದಿನ, ಗ್ರಾಹಕರ ವ್ಯವಹಾರವಿಲ್ಲ. 31ರಂದು ಸರ್ಕಾರಿ ಹಣದ ವ್ಯವಹಾರ ನೋಡುವ ಶಾಖೆಗಳನ್ನು ತೆರೆದಿಡಲು ರಿಸರ್ವ್ ಬ್ಯಾಂಕ್ ಹೇಳಿತ್ತಾದರೂ, ಕೊಬ್ಬರಿ ವ್ಯಾಪಾರಿಯ ಚೆಕ್ಕಿಗೆ ಅದರಿಂದ ಉಪಯೋಗವಿರಲಿಲ್ಲ. ಆಗಿನ ಕ್ರಮದಲ್ಲಿ ಇವತ್ತು ಕ್ಲಿಯರಿಂಗ್‌ಗೆ ಹೋದ ಚೆಕ್ ಇತ್ಯರ್ಥವಾಗುತ್ತಿದ್ದದ್ದು ಮುಂದಿನ ಕೆಲಸದ ದಿನ. ಹಾಗಾಗಿ 85,000 ಏಪ್ರಿಲ್ 2, ಬುಧವಾರ ಜಮಾ ಆದರೆ ಅದು ಅಪ್ಪಟ ದಿನಾಂಕದ ವ್ಯತ್ಯಾಸ. ಪಾಸ್‌ಬುಕ್ಕಿನಲ್ಲಿ ಅದೇ ದಿನ ಜಮಾ ಇದೆ. ಟಿಕ್ ಹಾಕಬಹುದು.

ಅಕಸ್ಮಾತ್ ಅದು ಏಪ್ರಿಲ್ 9ಕ್ಕೆ ಜಮಾ ಆಗಿದ್ದಿದ್ದರೆ? ಹಣ ಬಂದಿದೆಯಲ್ಲ ಎಂದು ಸುಮ್ಮನಾಗುವಂತಿಲ್ಲ. ಆಗ ಪೇ-ಇನ್ ಸ್ಲಿಪ್ಪಿನ ಅರ್ಧಭಾಗ ತೆಗೆದು ಬ್ಯಾಂಕಿನ ಸೀಲಿನ ದಿನಾಂಕ ನೋಡಬೇಕು. ಸೀಲು ಏಪ್ರಿಲ್ 8ರದ್ದಾಗಿದ್ದರೆ, ಮಾರ್ಚ್ 29ಕ್ಕೆ ಮಂಡಿ ಆ ಚೆಕ್ಕನ್ನು ಬ್ಯಾಂಕಿಗೆ ಕಟ್ಟಿಯೇ ಇರಲಿಲ್ಲ. ಬಹುಶಃ ಚೆಕ್ ಕೈಸೇರಿಯೂ ಇರಲಿಲ್ಲ. ವರ್ಷದ ಕೊನೆಗೆ ಬಾಕಿ ವಸೂಲಾಗಿದೆ ಎಂದು ತೋರಿಸುವ ಆಸೆಗೆ ಮುಂಚಿತವಾಗಿ ಜಮಾ ಬರೆದದ್ದು ಅದು. ಡ್ರಾಪ್ ಬಾಕ್ಸಿಗೆ ಚೆಕ್ ಹಾಕುವ ಅಭ್ಯಾಸವಿದ್ದರೆ ಈ ಸೀಲು ಸಿಗುವುದಿಲ್ಲ. ಮಾರ್ಚ್ ಕೊನೆಯ ವಾರದಲ್ಲಾದರೂ ಕೌಂಟರಿನಲ್ಲೇ ಕೊಟ್ಟು ಸೀಲು ಹಾಕಿಸಿಕೊಳ್ಳುವುದು ಒಳ್ಳೆಯದು. ಚೆಕ್ ಯಾವ ಬ್ಯಾಂಕಿನದು ಎಂಬುದನ್ನೂ ನೋಡಬೇಕು. ಮಂಡಿಯ ಖಾತೆ ಇರುವ ಬ್ಯಾಂಕಿನದೇ ಬೇಲೂರು ಶಾಖೆಯ ಚೆಕ್ ಆಗಿದ್ದರೆ ಅದು ಕ್ಲಿಯರಿಂಗ್‌ಗೆ ಹೋಗುವ ಅಗತ್ಯವೇ ಇಲ್ಲ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಅಂಥದ್ದು ಸಾಮಾನ್ಯವಾಗಿ ಅದೇ ದಿನ ವರ್ಗವಾಗುತ್ತದೆ. ಅದನ್ನು ನಾಲ್ಕು ದಿನ ‘ಜಮಾ ಆಗದ ಚೆಕ್’ ಎಂದು ತೋರಿಸಿದ್ದರೆ ಯಾಕೆಂದು ಕೇಳಬೇಕಾಗುತ್ತದೆ.

ಈಗ ಮಾರ್ಚ್ 18ರ 46,200ಕ್ಕೆ ಬರೋಣ. 18 ಮಂಗಳವಾರ. ನಡುವೆ ದೊಡ್ಡ ರಜೆ ಯಾವುದೂ ಇಲ್ಲ. 20ರೊಳಗೆ ಜಮಾ ಆಗಬೇಕಿತ್ತು. ಹದಿಮೂರು ದಿನವಾದರೂ ಆಗಿಲ್ಲ ಎಂಬಲ್ಲೇ ಪರೀಕ್ಷಿಸುವವರ ಬೆರಳು ನಿಲ್ಲಬೇಕು. ಏಪ್ರಿಲ್ ಪಾಸ್‌ಬುಕ್ಕಿನ ತುಂಬ ಹುಡುಕಿದರೂ ಆ ಮೊತ್ತ ಇಲ್ಲ. ಹಾಗಾದರೆ ಹಿಂದಕ್ಕೆ ಹೋಗಬೇಕು. ಮಾರ್ಚ್ 20ರ ಸಾಲುಗಳಲ್ಲಿ 46,200 ಜಮಾ ಇದೆ, ಅದರ ಕೆಳಗೇ 46,200 ಖರ್ಚು, ಅದರ ಕೆಳಗೆ 236 ಖರ್ಚು. ಚೆಕ್ ಬೌನ್ಸ್ ಆಗಿದೆ. 236 ಎಂದರೆ ಚೆಕ್ ವಾಪಸಾತಿಗೆ 200 ರೂಪಾಯಿ ಶುಲ್ಕ, ಮೇಲೆ ಶೇ 18ರಂತೆ 36 ರೂಪಾಯಿ ಜಿಎಸ್‌ಟಿ. ಬ್ಯಾಂಕಿನಿಂದ ಬ್ಯಾಂಕಿಗೆ ಶುಲ್ಕ ಬೇರೆಯಾಗುತ್ತದೆ, ಲೆಕ್ಕದ ರೀತಿ ಇದೇ. ಕೆಲವು ಬ್ಯಾಂಕುಗಳಲ್ಲಿ ಜಮಾ ಮತ್ತು ವಾಪಸಾತಿಯ ಸಾಲುಗಳು ಕಾಣುವುದೇ ಇಲ್ಲ, ಶುಲ್ಕವೊಂದೇ ಕಾಣುತ್ತದೆ.

ಗುಮಾಸ್ತರು ಈ 236ನ್ನು ಬ್ಯಾಂಕ್ ಚಾರ್ಜು ಎಂದು ಪಟ್ಟಿಯಲ್ಲಿ ಬರೆದೂ ಇದ್ದರು. ಯಾತರ ಚಾರ್ಜು ಎಂದು ಕೇಳಿಕೊಂಡಿದ್ದರೆ ಸಾಕಿತ್ತು. ಹೊಂದಾಣಿಕೆ ಪಟ್ಟಿಯಲ್ಲಿ ಇನ್ನೂರು, ಮುನ್ನೂರು, ಆರುನೂರರ ಆಸುಪಾಸಿನ ಬಿಡಿ ಚಾರ್ಜು ಕಂಡರೆ, ಅದೇ ದಿನದ ಅಥವಾ ಹಿಂದಿನ ದಿನದ ದೊಡ್ಡ ಜಮಾ ಒಂದನ್ನು ಹುಡುಕುವುದು ಅನುಭವಿ ಆಡಿಟರುಗಳ ರೂಢಿ.

ಈ ತಪ್ಪು ಬರೀ ಲೆಕ್ಕದ್ದಾಗಿದ್ದರೆ ಮಾತು ಬೇರೆ. ಇಲ್ಲಿ ದಿನಗಳು ಓಡುತ್ತಿರುತ್ತವೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಅವರು ಹಣ ಕೊಡದಿದ್ದರೆ, ಆಮೇಲೆ ಒಂದು ತಿಂಗಳೊಳಗೆ ದೂರು. ಮಾರ್ಚ್ 20ಕ್ಕೇ ಮಾಹಿತಿ ಸಿಕ್ಕಿದ್ದರೆ ನೋಟಿಸಿನ ಗಡುವು ಏಪ್ರಿಲ್ 19ಕ್ಕೆ ಮುಗಿಯುತ್ತದೆ. ಮಾರ್ಚ್ ಕೊನೆಯ ಪಟ್ಟಿಯನ್ನು ಏಪ್ರಿಲ್ ಮೊದಲ ವಾರದಲ್ಲೇ ಪರೀಕ್ಷಿಸಿದವರಿಗೆ ವಕೀಲರನ್ನು ಕಾಣಲು ಎರಡು ವಾರ ಸಿಗುತ್ತದೆ. ಜೂನ್‌ನಲ್ಲಿ ಆಡಿಟ್‌ಗೆಂದು ಪುಸ್ತಕ ಬಿಚ್ಚಿದವರಿಗೆ ಆ ನೋಟಿಸಿನ ದಾರಿ ಮುಚ್ಚಿರುತ್ತದೆ. ಒಂದು ಸಣ್ಣ ಕಿಂಡಿ ಮಾತ್ರ ಉಳಿಯುತ್ತದೆ: ಚೆಕ್ಕಿನ ಮೂರು ತಿಂಗಳ ಅವಧಿ ಇನ್ನೂ ಇದ್ದರೆ ಅದನ್ನು ಮತ್ತೆ ಬ್ಯಾಂಕಿಗೆ ಹಾಕಬಹುದು. ಮತ್ತೆ ವಾಪಸಾದರೆ ಆಗಿನಿಂದ ಹೊಸದಾಗಿ 30 ದಿನ ಸಿಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ಒಪ್ಪಿದೆ. ಚೆಕ್ಕಿನ ದಿನಾಂಕ ಮಾರ್ಚ್ 17 ಎಂದಾದರೆ ಆ ಕಿಂಡಿ ತೆರೆದಿರುವುದು ಜೂನ್ ಮಧ್ಯದವರೆಗೆ.

ಲೆಕ್ಕವನ್ನು ಸರಿಪಡಿಸುವುದು ಹೇಗೆ? ಪರೀಕ್ಷಿಸುವವರು ಪಟ್ಟಿಯ ಬಾಬುಗಳನ್ನು ಎರಡು ಗುಂಪು ಮಾಡಬೇಕು. ಕಾಲ ಕಳೆದಂತೆ ಬ್ಯಾಂಕಿನ ಪುಸ್ತಕದಲ್ಲಿ ತಾನೇ ಸರಿಹೋಗುವುದು ಒಂದು ಗುಂಪು. ಅದಕ್ಕೆ ನಗದು ಪುಸ್ತಕದಲ್ಲಿ ಏನೂ ಬರೆಯಬೇಕಿಲ್ಲ, ಬರೆದರೆ ಎರಡು ಸಲ ಬರೆದಂತಾಗುತ್ತದೆ. ಬ್ಯಾಂಕ್ ಸರಿಯಾಗಿ ಬರೆದಿದ್ದು ಮಂಡಿ ಬರೆಯದೇ ಬಿಟ್ಟದ್ದು ಇನ್ನೊಂದು ಗುಂಪು. ಅದನ್ನು ನಗದು ಪುಸ್ತಕದಲ್ಲಿ ಬರೆಯಲೇಬೇಕು. ನಮ್ಮ ಮಂಡಿಯಲ್ಲಿ ಎರಡನೇ ಗುಂಪಿಗೆ ಬರುವುದು 46,200 ಮತ್ತು 236. ಎರಡನ್ನೂ ಮಾರ್ಚ್ ಲೆಕ್ಕದಲ್ಲೇ ಖರ್ಚು ಬರೆದರೆ ನಗದು ಪುಸ್ತಕದ ಶಿಲ್ಕು 4,18,650ರಿಂದ 3,72,214ಕ್ಕೆ ಇಳಿಯುತ್ತದೆ. 46,200 ಮತ್ತೆ ಹಾಸನದ ವ್ಯಾಪಾರಿಯ ಖಾತೆಯಲ್ಲಿ ಬರಬೇಕಾದ ಬಾಕಿಯಾಗಿ ನಿಲ್ಲುತ್ತದೆ, 236 ಬ್ಯಾಂಕ್ ಖರ್ಚಿಗೆ ಹೋಗುತ್ತದೆ. ಆ ವ್ಯಾಪಾರಿಯಿಂದ ವಸೂಲು ಮಾಡುವ ಒಪ್ಪಂದವಿದ್ದರೆ 236 ಕೂಡ ಅವರ ಖಾತೆಗೇ.

ಈಗ ಹೊಸ ಪಟ್ಟಿ ನೋಡಿ. 3,72,214ಕ್ಕೆ ಪಾಸಾಗದ ಚೆಕ್ಕುಗಳ 1,40,650 ಕೂಡಿಸಿದರೆ 5,12,864. ಜಮಾ ಆಗದ 85,000 ಕಳೆದರೆ 4,27,864. ಪಾಸ್‌ಬುಕ್ಕಿನ ಶಿಲ್ಕೂ ಅದೇ. ಹಳೆಯ ಪಟ್ಟಿಯೂ ಇದೇ ಅಂಕಿಗೆ ತಾಳೆಯಾಗಿತ್ತು, ಹೊಸದೂ ಆಗಿದೆ. ಪುಸ್ತಕದ ಶಿಲ್ಕು ಮಾತ್ರ 46,436 ಕಡಿಮೆ. ಇಷ್ಟಾದ ಮೇಲೆ ವ್ಯತ್ಯಾಸ 9,214ರಿಂದ 55,650ಕ್ಕೆ ಏರಿದೆ. ಏರಿತೆಂದು ಗಾಬರಿಯಾಗಬೇಕಿಲ್ಲ, ಈಗ ಉಳಿದಿರುವುದರಲ್ಲಿ ಪ್ರತಿಯೊಂದಕ್ಕೂ ನಂಬರು, ದಿನಾಂಕ, ಹೆಸರು ಇದೆ.

ಕೊಟ್ಟ ಚೆಕ್ಕುಗಳಲ್ಲೂ ಮಾರ್ಚ್ ಕೊನೆಗೆ ಒಂದು ಆಟ ನಡೆಯುವುದುಂಟು. ಬಾಕಿ ತೀರಿಸಿದಂತೆ ತೋರಿಸಲು 31ನೇ ತಾರೀಖಿಗೆ ಹತ್ತಾರು ಚೆಕ್ ಬರೆದು ಪುಸ್ತಕದಲ್ಲಿ ಖರ್ಚು ಹಾಕಿ, ಚೆಕ್ಕುಗಳನ್ನು ಮೇಜಿನ ಖಾನೆಯಲ್ಲೇ ಇಟ್ಟುಕೊಳ್ಳುವುದು. ಖಾತೆಗೆ ಹಣ ಬಂದಂತೆಲ್ಲ ಒಂದೊಂದನ್ನೇ ಹೊರಗೆ ಬಿಡುತ್ತಾರೆ. ಅವು ಏಪ್ರಿಲ್‌ನಲ್ಲೋ ಮೇನಲ್ಲೋ ಪಾಸಾಗಿಯೇ ಆಗುತ್ತವೆ, ಹಾಗಾಗಿ ಮುಂದಿನ ತಿಂಗಳ ಪಾಸ್‌ಬುಕ್ ಒಂದರಿಂದಲೇ ಇದು ಸಿಕ್ಕಿಬೀಳುವುದಿಲ್ಲ. ಸುಳಿವು ಇರುವುದು ಪಾಸಾದ ಕ್ರಮದಲ್ಲಿ. ಬೇರೆ ಬೇರೆ ಊರಿನ ಹತ್ತು ರೈತರಿಗೆ ಕೊಟ್ಟ ಚೆಕ್ಕುಗಳು ಕೆಲವು ಎರಡು ದಿನಕ್ಕೆ, ಕೆಲವು ಎರಡು ವಾರಕ್ಕೆ ಎಂಬಂತೆ ಚದುರಿ ಪಾಸಾಗಬೇಕು. ಒಂದೂ ಪಾಸಾಗದೆ ಮೂರು ವಾರ ಕಳೆದು, ಆಮೇಲೆ ದೊಡ್ಡ ಜಮಾ ಬಂದ ಮರುದಿನದಿಂದ ಸಾಲಾಗಿ ಪಾಸಾಗತೊಡಗಿದರೆ ಅವು ಮಾರ್ಚ್‌ನಲ್ಲಿ ಮಂಡಿಯ ಬಾಗಿಲು ದಾಟಿರಲಿಲ್ಲ ಎಂದೇ ಲೆಕ್ಕ. ಕೊಟ್ಟೇ ಇಲ್ಲದ ಚೆಕ್ ದಿನಾಂಕದ ವ್ಯತ್ಯಾಸವಾಗುವುದಿಲ್ಲ. ಮಾರ್ಚ್ 31ಕ್ಕೆ ಅದನ್ನು ರದ್ದು ಮಾಡಿ, ರೈತರ ಬಾಕಿಯನ್ನು ಬಾಕಿಯಾಗಿಯೇ ತೋರಿಸಬೇಕು. ರೈತರ ಸಹಿ ಇರುವ ವೋಚರಿನ ಮೇಲೆ ಅವರು ಚೆಕ್ ಪಡೆದ ದಿನಾಂಕ ಬರೆಸುವ ಪದ್ಧತಿ ಇಟ್ಟುಕೊಂಡರೆ ಈ ವಾದವೇ ಬರುವುದಿಲ್ಲ.

ಮಂಡಿಗೆ ಅರಸೀಕೆರೆಯಲ್ಲೊಂದು, ಬೇಲೂರಿನಲ್ಲೊಂದು ಖಾತೆ ಇದ್ದರೆ ಇನ್ನೊಂದು ಎಚ್ಚರ ಬೇಕು. ಬೇಲೂರು ಖಾತೆಯ ಚೆಕ್ಕನ್ನು ಅರಸೀಕೆರೆ ಖಾತೆಗೆ ಕಟ್ಟಿದಾಗ, ಒಂದು ಪಟ್ಟಿಯಲ್ಲಿ ಅದು ‘ಜಮಾ ಆಗದ ಚೆಕ್’ ಆದರೆ ಇನ್ನೊಂದರಲ್ಲಿ ಅದೇ ದಿನಾಂಕಕ್ಕೆ ‘ಪಾಸಾಗದ ಚೆಕ್’ ಆಗಿರಲೇಬೇಕು. ಒಂದು ಕಡೆ ಮಾರ್ಚ್ 31, ಇನ್ನೊಂದು ಕಡೆ ಏಪ್ರಿಲ್ 2 ಎಂದಿದ್ದರೆ ಒಂದೇ ಹಣ ವರ್ಷದ ಕೊನೆಯ ದಿನ ಎರಡು ಖಾತೆಯಲ್ಲೂ ಲೆಕ್ಕಕ್ಕೆ ಬಂದಿದೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡದ ಹೊರತು ಇದು ತಿಳಿಯುವುದಿಲ್ಲ.

ಕ್ಯಾಶ್ ಕ್ರೆಡಿಟ್ ಖಾತೆಯಾದರೆ ಚಿಹ್ನೆಗಳು ತಿರುಗುತ್ತವೆ. ಪಾಸ್‌ಬುಕ್ಕಿನ ಶಿಲ್ಕು ಆಗ ಮಂಡಿಯ ಹಣವಲ್ಲ, ಬ್ಯಾಂಕಿನ ಸಾಲ. ಪಾಸಾಗದ ಚೆಕ್ಕುಗಳಿದ್ದರೆ ಪಾಸ್‌ಬುಕ್ಕಿನಲ್ಲಿ ಸಾಲ ಕಡಿಮೆ ಕಾಣುತ್ತದೆ. ಕೂಡಿಸಬೇಕಾದಲ್ಲಿ ಕಳೆದರೆ ತಪ್ಪು ಆ ಬಾಬಿನ ಎರಡು ಪಟ್ಟು ಬೀಳುತ್ತದೆ. ಆದ್ದರಿಂದ ತಾಳೆಯಾಗದೆ ಉಳಿದ ಮೊತ್ತವನ್ನು ಅರ್ಧ ಮಾಡಿ, ಆ ಅಂಕಿ ಪಟ್ಟಿಯಲ್ಲಿ ಎಲ್ಲಾದರೂ ಇದೆಯೇ ಎಂದು ನೋಡುವುದು ಹಳೆಯ ಉಪಾಯ.

ಈಗ ಬಹಳ ಕಡೆ ನಗದು ಪುಸ್ತಕ ಇರುವುದು ಕಂಪ್ಯೂಟರಿನಲ್ಲಿ. ಟ್ಯಾಲಿಯ Bank Reconciliation ಪರದೆಯಲ್ಲಿ ಪ್ರತಿ ಚೆಕ್ಕಿನ ಎದುರಿಗೆ Bank Date ತುಂಬಿದರೆ ಅದು ಪಟ್ಟಿಯಿಂದ ಹೊರಹೋಗುತ್ತದೆ, ತುಂಬದೆ ಬಿಟ್ಟದ್ದು ಮಾತ್ರ ವ್ಯತ್ಯಾಸವಾಗಿ ಉಳಿಯುತ್ತದೆ. ಅನುಕೂಲವೇನೋ ಹೌದು. ಆದರೆ ಪಾಸ್‌ಬುಕ್ ನೋಡದೆ, ವೋಚರಿನ ದಿನಾಂಕವನ್ನೇ ಎಲ್ಲದಕ್ಕೂ ತುಂಬಿ ವ್ಯತ್ಯಾಸವನ್ನು ಸೊನ್ನೆಗೆ ತರುವವರೂ ಇದ್ದಾರೆ. ಇದನ್ನು ಹಿಡಿಯಲು ಕ್ಯಾಲೆಂಡರ್ ಸಾಕು. 2025ರ ಮಾರ್ಚ್ 30 ಅಥವಾ 31ರ Bank Date ಇರುವ ಚೆಕ್ ಎಂಟ್ರಿ ಕಂಡರೆ ಅಲ್ಲಿಗೇ ನಿಲ್ಲಬೇಕು. ನೆಫ್ಟ್, ಯುಪಿಐ ಹಣ ಭಾನುವಾರವೂ ಬರುತ್ತದೆ. ಇನ್ನೊಂದು ಬ್ಯಾಂಕಿನ ಚೆಕ್ ಯುಗಾದಿ ದಿನ ಪಾಸಾಗುವುದಿಲ್ಲ.

2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್‌ನ ಕ್ರಮ ಬದಲಾಗಿದೆ. ಮೊದಲಿನಂತೆ ಚೆಕ್ಕುಗಳನ್ನು ಗುಂಪುಗುಂಪಾಗಿ ಕಳಿಸುವ ಬದಲು, ಹಗಲಿನಲ್ಲಿ ಸ್ಕ್ಯಾನ್ ಮಾಡಿದ ಚೆಕ್ಕಿನ ಚಿತ್ರ ಆಗಿಂದಾಗ್ಗೆ ಹೋಗುತ್ತಿರುತ್ತದೆ. ಹಣ ಕೊಡಬೇಕಾದ ಬ್ಯಾಂಕ್ ಅದೇ ಸಂಜೆ 7 ಗಂಟೆಯೊಳಗೆ ಹೌದು ಅಥವಾ ಇಲ್ಲ ಎನ್ನಬೇಕು, ಏನೂ ಹೇಳದಿದ್ದರೆ ಒಪ್ಪಿದಂತೆ. ಇದರಿಂದ ಪರೀಕ್ಷೆಯ ಅಳತೆಯೂ ಬಿಗಿಯಾಗಿದೆ. ಹಿಂದೆ ಕಟ್ಟಿದ ಚೆಕ್ಕಿಗೆ ಎರಡು ಮೂರು ಕೆಲಸದ ದಿನ ಎಂಬ ರಿಯಾಯಿತಿ ನ್ಯಾಯವಾಗಿತ್ತು. ಈಗ ಹೊತ್ತಿಗೆ ಮುಂಚೆ ಕಟ್ಟಿದ ಚೆಕ್ ಅದೇ ದಿನ, ತಪ್ಪಿದರೆ ಮರುದಿನ ಜಮಾ ಆಗಬೇಕು. ಅದಕ್ಕೂ ಹಳೆಯದು ‘ಜಮಾ ಆಗದ ಚೆಕ್’ ಎಂದು ಪಟ್ಟಿಯಲ್ಲಿದ್ದರೆ ಬ್ಯಾಂಕಿಗೆ ಫೋನ್ ಮಾಡಬೇಕು. ಕೊಟ್ಟ ಚೆಕ್ಕುಗಳ ವಿಷಯದಲ್ಲಿ ಮಾತ್ರ ಈ ವೇಗದಿಂದ ಆದದ್ದು ಕಡಿಮೆ. ಚೆಕ್ ಬ್ಯಾಂಕಿಗೆ ತಲುಪಿದ ಮೇಲಿನ ಒಂದು ದಿನ ಉಳಿಯಿತು, ಹಳೇಬೀಡಿನ ಮನೆಯ ಬೀರುವಿನಿಂದ ಹೊರಡುವವರೆಗಿನ ದಿನಗಳು ಹಾಗೆಯೇ ಇವೆ. ಆದ್ದರಿಂದ ಒಂದು ತಿಂಗಳು ದಾಟಿದ ಚೆಕ್ಕುಗಳನ್ನು ಬೇರೆ ಹಾಳೆಯಲ್ಲಿ ಬರೆದು ರೈತರಿಗೆ ನೆನಪಿಸುವುದು, ಎರಡೂವರೆ ತಿಂಗಳು ದಾಟಿದವಕ್ಕೆ ಬ್ಯಾಂಕಿಗೆ ಹಾಕುತ್ತೀರಾ ಅಥವಾ ಬದಲಾಯಿಸಿ ಕೊಡಲೇ ಎಂದು ಕೇಳಿಬಿಡುವುದು ಮಂಡಿಯ ಗುಮಾಸ್ತರಿಗೆ ಈಗಲೂ ಉಳಿದಿರುವ ಕೆಲಸ. ಜಾವಗಲ್ ಕಡೆಯವರಿಗೆ ಆ ಫೋನ್ ಮಾರ್ಚ್ 20ರ ಹೊತ್ತಿಗೆ ಹೋಗಿದ್ದಿದ್ದರೆ, 187ರ ವಿಚಾರ ಅದರ ಅವಧಿ ಮುಗಿಯುವ ಮೊದಲೇ ತೀರುತ್ತಿತ್ತು.